20 ಗುಂಟೆ ಜಾಗದ ಮಾರಾಟ ಪ್ರಕಟಣೆ: ಸರ್ವೆ ವಿವರ, ದಾರಿ, ಉಪಯೋಗ ಹೇಗೆ ಬರೆಯಬೇಕು? ಕರಡು ನೋಡಿ ಹೇಳಿ

ಹೆಬ್ಬೂರು_ಹೋಬಳಿ

ಎಲ್ಲರಿಗೂ ನಮಸ್ಕಾರ. ತುಮಕೂರು ತಾಲ್ಲೂಕಿನಲ್ಲಿ ನಮ್ಮ ಮಾವನವರ ಹೆಸರಿನಲ್ಲಿರುವ ಜಾಗ ಮಾರಾಟಕ್ಕೆ ಇಡುತ್ತಿದ್ದೇವೆ. ಬ್ರೋಕರ್ ಇಲ್ಲ. ಹಾಗಾಗಿ ಪ್ರಕಟಣೆಯನ್ನು ನಾನೇ ಬರೆಯಬೇಕು. ನಿಜವಾಗಿ ಕೊಳ್ಳುವವರು ಮಾತ್ರ ಫೋನ್ ಮಾಡುವ ಹಾಗಿರಬೇಕು ಅನ್ನೋದು ನನ್ನ ಆಸೆ. ಊರು, ಸರ್ವೆ ನಂಬರುಗಳನ್ನು ಇಲ್ಲಿಗೋಸ್ಕರ ಬದಲಿಸಿದ್ದೇನೆ, ಅಳತೆಗಳು ಇದ್ದದ್ದು ಇದ್ದ ಹಾಗೇ ಇವೆ. ಕರಡು ಹೀಗಿದೆ:

> ಸರ್ವೆ ನಂ. 86/3ರಲ್ಲಿ 20 ಗುಂಟೆ ಜಾಗ ಮಾರಾಟಕ್ಕಿದೆ. ಕ್ಲಿಯರ್ ಟೈಟಲ್, ಡಿಸಿ ಕನ್ವರ್ಷನ್ ಆಗಿದೆ. 30 ಅಡಿ ರಸ್ತೆ. ಮನೆ, ಫಾರ್ಮ್‌ಹೌಸ್, ರೆಸಾರ್ಟ್, ಗೋಡೌನ್ ಎಲ್ಲಕ್ಕೂ ಸೂಕ್ತ. ಆಸಕ್ತರು ಮಾತ್ರ ಸಂಪರ್ಕಿಸಿ.

ಇದರಲ್ಲಿ ಏನು ಕಡಿಮೆ ಆಗಿದೆ?

ಗುಂಟೆಲೆಕ್ಕ

ರೇಟ್ ಹಾಕಿಲ್ಲವಲ್ಲ ಸರ್. ಗುಂಟೆಗೆ ಎಷ್ಟು ಅಂತ ಬರೆಯದಿದ್ದರೆ ಯಾರೂ ಓದಲ್ಲ. ಆ ಕಡೆ ಗೈಡೆನ್ಸ್ ವ್ಯಾಲ್ಯೂ ಎಷ್ಟಿದೆ ಈಗ?

ಸರಪಳಿ_ಆಣೆ

ರೇಟು ಆಮೇಲೆ ನೋಡೋಣ. ಈ ಕರಡಿನ ಒಂದೊಂದು ವಾಕ್ಯಕ್ಕೂ ಒಂದೊಂದು ದಾಖಲೆ ಆಧಾರವಾಗಿರಬೇಕು. ಅದು ಇದೆಯೋ ಇಲ್ಲವೋ ಮೊದಲು ತಿಳಿಯಲಿ. ಇಷ್ಟು ಹೇಳಿ ಅಣ್ಣ:

86/3ರ ಪಹಣಿಯಲ್ಲಿ ಒಟ್ಟು ವಿಸ್ತೀರ್ಣ ಎಷ್ಟು? 3ನೇ ಕಾಲಂನಲ್ಲಿ ಅ ಖರಾಬು, ಬ ಖರಾಬು ಅಂತ ಏನಾದರೂ ಕಳೆದಿದ್ದಾರಾ? ಮಾರುತ್ತಿರುವ 20 ಗುಂಟೆ ಪೂರ್ತಿ ಹಿಸ್ಸಾನಾ, ಅದರೊಳಗಿನ ಒಂದು ಭಾಗಾನಾ? ಭಾಗವಾದರೆ ಯಾವ ದಿಕ್ಕಿನದು? ಪರಿವರ್ತನೆ ಆದೇಶದಲ್ಲಿ ಯಾವ ಉದ್ದೇಶ ಅಂತ ಬರೆದಿದೆ? ನೀವು ಹೇಳುವ 30 ಅಡಿ ರಸ್ತೆ ನಿಮ್ಮ ಗೇಟಿಗೆ ತಾಗುತ್ತಾ, ಇಲ್ಲಾ ಊರಿನ ಡಾಂಬರು ರಸ್ತೆಯ ಅಗಲ ಹೇಳಿದ್ದೀರಾ?

ಹೆಬ್ಬೂರು_ಹೋಬಳಿ

ಎಲ್ಲ ತೆಗೆದು ನೋಡಿದೆ.

ಪಹಣಿಯಲ್ಲಿ 86/3 ಒಟ್ಟು 35 ಗುಂಟೆ, ಖರಾಬು ಇಲ್ಲ. ಅದರ ಪೂರ್ವದ 20 ಗುಂಟೆಗೆ ಮಾತ್ರ ಪರಿವರ್ತನೆ ಆಗಿದೆ. ಪಶ್ಚಿಮದ 15 ಗುಂಟೆ ಕೃಷಿ ಜಮೀನು, ಅದನ್ನು ನಾವೇ ಇಟ್ಟುಕೊಳ್ಳುತ್ತೇವೆ. ಆದೇಶದಲ್ಲಿ "ವಾಸದ ಉದ್ದೇಶಕ್ಕೆ" ಅಂತಿದೆ. ಪಹಣಿಯ 11ನೇ ಕಾಲಂನಲ್ಲೂ ಅದು ಬಂದಿದೆ, ಆದರೆ ನಂಬರು ಇನ್ನೂ 86/3 ಅಂತಲೇ ಇದೆ, ಬೇರೆ ಹಿಸ್ಸಾ ಆಗಿಲ್ಲ. ಪರಿವರ್ತನೆಗೆ ಮುಂಚೆ ಸರ್ವೆಯವರು ಮಾಡಿದ ನಕ್ಷೆ ಇದೆ. ಅದರಲ್ಲಿ ಪೂರ್ವ-ಪಶ್ಚಿಮ 4 ಸರಪಳಿ, ಉತ್ತರ-ದಕ್ಷಿಣ 5 ಸರಪಳಿ.

ರಸ್ತೆ ವಿಷಯ: ಡಾಂಬರು ರಸ್ತೆ ಉತ್ತರಕ್ಕಿದೆ, 30 ಅಡಿ. ಅಲ್ಲಿಂದ 86/2ರ (ದಾಯಾದಿಗಳದ್ದು) ಪಶ್ಚಿಮ ಅಂಚಿನಲ್ಲಿ ಬಂಡಿ ದಾರಿ ತೆಂಕಲಿಗೆ ಬರುತ್ತದೆ. ನಮ್ಮ 86/3ರ ವಾಯವ್ಯ ಮೂಲೆಗೆ ಬಂದು ಅದು ಪಶ್ಚಿಮಕ್ಕೆ ತಿರುಗಿ 85ರೊಳಕ್ಕೆ ಹೋಗುತ್ತದೆ. ಆ ಮೂಲೆಯಿಂದ ನಮ್ಮ 15 ಗುಂಟೆಯ ಬದುವಿನ ಮೇಲೆ ಪೂರ್ವಕ್ಕೆ ಹೋದರೆ ಮಾರುವ ಜಾಗದ ಗೇಟು ಸಿಗುತ್ತದೆ.

ದಾರಿಹೋಕ

ಹಾಗಿದ್ದರೆ ಏನೂ ಸಮಸ್ಯೆ ಇಲ್ಲ. ಬಂಡಿ ದಾರಿ ಗ್ರಾಮ ನಕ್ಷೆಯಲ್ಲಿ ಜೋಡಿ ಚುಕ್ಕೆ ಗೆರೆಯಲ್ಲಿ ಇರುತ್ತೆ. ಅದು ಸರ್ಕಾರಿ ದಾರಿ, ಯಾರೂ ಮುಚ್ಚೋ ಹಾಗಿಲ್ಲ. ಬಂಡಿ ದಾರಿ ಅಂದ್ರೆ ಒಂದು ಸರಪಳಿ ಅಗಲ, 33 ಅಡಿ. ಈಗ ಜನ ಒತ್ತುವರಿ ಮಾಡಿಕೊಂಡು ಸಣ್ಣದಾಗಿರುತ್ತೆ ಅಷ್ಟೆ. ದಿಶಾಂಕ್ ಆ್ಯಪ್‌ನಲ್ಲಿ ತೆಗೆದು ಸ್ಕ್ರೀನ್‌ಶಾಟ್ ಹಾಕಿ, "33 ಅಡಿ ನಕಾಶೆ ದಾರಿ" ಅಂತ ಬರೀರಿ.

ಸರಪಳಿ_ಆಣೆ

ದಾರಿಹೋಕರೇ, ಮೊದಲ ಅರ್ಧ ಸರಿ. ಗ್ರಾಮ ನಕ್ಷೆಯಲ್ಲಿ ಇರುವ ದಾರಿಯನ್ನು ಪಕ್ಕದವರು ಬೇಲಿ ಹಾಕಿ ಮುಚ್ಚಿದರೆ ತಹಶೀಲ್ದಾರರ ಹತ್ತಿರ ಹೋಗಿ ತೆರೆಸಬಹುದು. ಆದರೆ ಎಲ್ಲ ಬಂಡಿ ದಾರಿಗೂ 33 ಅಡಿ ಅನ್ನೋದು ಸರಿಯಲ್ಲ. ಗ್ರಾಮ ನಕ್ಷೆ ದಾರಿ ಇದೆ ಅಂತ ತೋರಿಸುತ್ತದೆ, ಅಗಲ ಹೇಳಲ್ಲ. ಅಗಲ ತಿಳಿಯಬೇಕಾದರೆ ಆ ದಾರಿ ಯಾವ ಸರ್ವೆ ನಂಬರಿನೊಳಗೆ ಹೋಗುತ್ತದೋ ಅದರ ಟಿಪ್ಪಣಿ ಮತ್ತು ಆಕಾರ್‌ಬಂದ್ ತೆಗೆಯಬೇಕು. ದಾರಿಗೆ ಬಿಟ್ಟ ನೆಲವನ್ನು ಬ ಖರಾಬು ಅಂತ ಅಲ್ಲಿ ಕಳೆದಿರುತ್ತಾರೆ. ಆ ವಿಸ್ತೀರ್ಣವನ್ನು ದಾರಿಯ ಉದ್ದದಿಂದ ಭಾಗಿಸಿದರೆ ದಾಖಲೆಯ ಪ್ರಕಾರ ಸರಾಸರಿ ಅಗಲ ಬರುತ್ತದೆ.

ಹೆಬ್ಬೂರಿನ ಅಣ್ಣ, 86/2ರ ಪಹಣಿಯಲ್ಲಿ ಬ ಖರಾಬು ಎಷ್ಟಿದೆ, ಡಾಂಬರಿನಿಂದ ನಿಮ್ಮ ಮೂಲೆವರೆಗೆ ಎಷ್ಟು ಉದ್ದ ಬರುತ್ತದೆ, ನೋಡಿ ಹೇಳಿ. 85ರ ಪಹಣಿಯನ್ನೂ ನೋಡಬೇಕು. ಎರಡು ಸರ್ವೆ ನಂಬರುಗಳ ಗಡಿ ಮೇಲೆ ಹೋಗುವ ದಾರಿಯಾದರೆ ಅರ್ಧ ಖರಾಬು ಇತ್ತ, ಅರ್ಧ ಅತ್ತ ಹಾಕಿರುತ್ತಾರೆ. ಒಂದೇ ಕಡೆ ನೋಡಿದರೆ ಅಗಲ ಅರ್ಧಕ್ಕೆ ಇಳಿದ ಹಾಗೆ ಕಾಣುತ್ತದೆ.

ದಿಶಾಂಕ್ ಬಗ್ಗೆ: ನಿಂತ ಜಾಗ ಯಾವ ಸರ್ವೆ ನಂಬರು ಅಂತ ಗೊತ್ತು ಮಾಡಿಕೊಳ್ಳಲು ಅದು ಬಹಳ ಅನುಕೂಲ. ಆದರೆ ಉಪಗ್ರಹ ಚಿತ್ರದ ಮೇಲೆ ಹಳೇ ನಕ್ಷೆ ಹೊದಿಸಿರುವುದರಿಂದ ಗೆರೆ ಕೆಲವು ಮೀಟರ್ ಆಚೀಚೆ ಸರಿದಿರುತ್ತದೆ. ನಮ್ಮ ತಕರಾರು ಇರುವುದೇ ನಾಲ್ಕೈದು ಅಡಿಯ ಮೇಲೆ. ಅಂಥದ್ದಕ್ಕೆ ಆ ಸ್ಕ್ರೀನ್‌ಶಾಟ್ ಪುರಾವೆ ಆಗಲ್ಲ.

ಹೆಬ್ಬೂರು_ಹೋಬಳಿ

86/2ರಲ್ಲಿ ಬ ಖರಾಬು 3 ಗುಂಟೆ. 85ರಲ್ಲಿ ಆ ಪಕ್ಕಕ್ಕೆ ಏನೂ ಇಲ್ಲ, ಅಲ್ಲಿರುವ ಖರಾಬು ದಾರಿ ಪಶ್ಚಿಮಕ್ಕೆ ತಿರುಗಿದ ಮೇಲಿನದು. ಟಿಪ್ಪಣಿಯಲ್ಲಿ ಉದ್ದ 9 ಸರಪಳಿ.

ಸರಪಳಿ_ಆಣೆ

ಹಾಗಾದರೆ ಲೆಕ್ಕ ಸುಲಭ. ಒಂದು ಸರಪಳಿ 33 ಅಡಿ, 9 ಸರಪಳಿ ಅಂದರೆ 297 ಅಡಿ. ಒಂದು ಗುಂಟೆ 1,089 ಚದರ ಅಡಿ, 3 ಗುಂಟೆ 3,267. ಅದನ್ನು 297ರಿಂದ ಭಾಗಿಸಿ: 11 ಅಡಿ. ಸರಪಳಿಯ ಮೂರನೇ ಒಂದು ಭಾಗ. ನಿಮ್ಮ ದಾರಿಯ ಹಕ್ಕಿನ ಅಗಲ ಇಷ್ಟೇ. 30 ಅಂತಲೂ ಬರೆಯಬೇಡಿ, 33 ಅಂತಲೂ ಬರೆಯಬೇಡಿ.

ಈಗ ಟೇಪ್ ತಗೊಂಡು ಸ್ಥಳಕ್ಕೆ ಹೋಗಿ. ಆ 297 ಅಡಿಯಲ್ಲಿ ಅತೀ ಇಕ್ಕಟ್ಟಾದ ಜಾಗ ಯಾವುದು, ಅಲ್ಲಿ ಬೇಲಿಯಿಂದ ಬೇಲಿಗೆ ಎಷ್ಟು, ಅಳೆಯಿರಿ. ಜೊತೆಗೆ ಮಾರುವ ಜಾಗದ ನಾಲ್ಕೂ ಬದಿ ಮತ್ತು ಎರಡೂ ಮೂಲೆಗೆರೆ ಅಳೆಯಿರಿ. 4 ಸರಪಳಿ ಅಂದರೆ 132 ಅಡಿ, 5 ಸರಪಳಿ 165 ಅಡಿ. ಗುಣಿಸಿದರೆ 21,780 ಚದರ ಅಡಿ, ಸರಿಯಾಗಿ 20 ಗುಂಟೆ. ನೆಲದ ಮೇಲೆ ಅಷ್ಟು ಸಿಗುತ್ತಾ ನೋಡಿ.

ಮಂಡ್ಯದಕ್ಕ

ಕೊಳ್ಳುವವರ ಕಡೆಯಿಂದ ಒಂದು ಮಾತು. "ಕ್ಲಿಯರ್ ಟೈಟಲ್" ಅನ್ನೋ ಪದ ಎಲ್ಲಾ ಪ್ರಕಟಣೆಯಲ್ಲೂ ಇರುತ್ತೆ, ಅದನ್ನ ನೋಡಿ ಯಾರೂ ನಂಬಲ್ಲ. ಅದರ ಬದಲು ಜಮೀನು ಮಾವನವರಿಗೆ ಹೇಗೆ ಬಂತು ಅಂತ ಒಂದೇ ವಾಕ್ಯ ಬರೀರಿ. ಪಿತ್ರಾರ್ಜಿತವೋ, ಕ್ರಯಕ್ಕೆ ತಗೊಂಡದ್ದೋ, ಮಂಜೂರಾಗಿದ್ದೋ. ಪಿತ್ರಾರ್ಜಿತ ಆದ್ರೆ ಹೆಣ್ಣುಮಕ್ಕಳೂ ಸೇರಿ ಎಲ್ಲರೂ ಸಹಿ ಹಾಕ್ತಾರಾ ಅಂತ ಹೇಳಿ. ಮಂಜೂರಾತಿ ಜಮೀನಾದ್ರೆ ಯಾರಿಗೆ ಮಂಜೂರಾಗಿತ್ತು ಅನ್ನೋದು ಇನ್ನೂ ಮುಖ್ಯ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನ ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರೋ ಹಾಗಿಲ್ಲ. ಆ ಕಾಯ್ದೆ 1978ರದು. ಅರ್ಜಿಗೆ ಕಾಲಮಿತಿ ಇಲ್ಲ ಅಂತ 2023ರ ತಿದ್ದುಪಡಿಯಲ್ಲಿ ಸೇರಿಸಿದ್ದಾರೆ.

ಹೆಬ್ಬೂರು_ಹೋಬಳಿ

ಅಕ್ಕ, ಕ್ರಯಕ್ಕೆ ತಗೊಂಡದ್ದು, ಮಂಜೂರಾತಿ ಅಲ್ಲ. ಮಾವನವರಿಗೆ ಮಾರಿದವರ ಕ್ರಯಪತ್ರವೂ ನಮ್ಮ ಹತ್ತಿರ ಇದೆ. ಅದನ್ನೇ ಬರೆಯುತ್ತೇನೆ.

ಕಡಲತಡಿ

ನಮ್ಮಲ್ಲಿ ಲೆಕ್ಕ ಸೆಂಟ್ಸಿನಲ್ಲಿ ಮಾರ್ರೆ. ನಿಮ್ಮ 20 ಗುಂಟೆ ಅಂದರೆ ನಮಗೆ 50 ಸೆಂಟ್ಸ್. ನನ್ನದೊಂದು ಪ್ರಶ್ನೆ ಉಂಟು: ವರ್ಗ ಜಾಗ 60 ಸೆಂಟ್ಸ್ ಇದೆ, ಹಿಂದೆ ಕುಮ್ಕಿ ಸುಮಾರು 40 ಸೆಂಟ್ಸ್ ನಮ್ಮದೇ ಸ್ವಾಧೀನದಲ್ಲಿದೆ, ಅಡಿಕೆ ಹಾಕಿದ್ದೇವೆ. ಪ್ರಕಟಣೆಯಲ್ಲಿ ಒಂದು ಎಕರೆ ಅಂತ ಹಾಕಬಹುದಾ?

ಪತ್ರಬರಹ

ಹಾಕಬಾರದು. ಕುಮ್ಕಿಯಲ್ಲಿ ನಿಮಗಿರುವುದು ಸೊಪ್ಪು, ಸೌದೆ ತರುವಂಥ ಸೌಲಭ್ಯ, ನೆಲ ಸರ್ಕಾರದ್ದು. ಕ್ರಯಪತ್ರದ ಷೆಡ್ಯೂಲಿನಲ್ಲಿ ಅದು ಬರುವುದಿಲ್ಲ. ಅಂದ ಮೇಲೆ ಅದಕ್ಕೆ ದುಡ್ಡು ತೆಗೆದುಕೊಂಡರೆ ಮುಂದೆ ತಕರಾರು ಬಂದೇ ಬರುತ್ತದೆ. "60 ಸೆಂಟ್ಸ್ ವರ್ಗ, ಹೊಂದಿಕೊಂಡ ಕುಮ್ಕಿ ವಿಸ್ತೀರ್ಣಕ್ಕೆ ಸೇರಿಲ್ಲ" ಎಂದು ಬರೆಯಿರಿ. ಬೇರೆ ಎಳೆ ತೆರೆದರೆ ವಿವರವಾಗಿ ಮಾತಾಡೋಣ.

ಹೆಬ್ಬೂರಿನವರೇ, ನಿಮ್ಮ ಕರಡಿನಲ್ಲಿ ನನಗೆ ಭಯ ಹುಟ್ಟಿಸಿದ ಸಾಲು "ಎಲ್ಲಕ್ಕೂ ಸೂಕ್ತ" ಅನ್ನೋದು. ವಾಸದ ಉದ್ದೇಶಕ್ಕೆ ಪರಿವರ್ತನೆಯಾದ ಜಾಗದಲ್ಲಿ ಗೋಡೌನ್, ರೆಸಾರ್ಟ್ ಎರಡಕ್ಕೂ ಅವಕಾಶವಿಲ್ಲ. ಅವು ವಾಣಿಜ್ಯ ಉಪಯೋಗ. ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಆದೇಶ ಕೊಡುವಾಗ ಉದ್ದೇಶವನ್ನು ಹೆಸರಿಸಿಯೇ ಕೊಡುತ್ತಾರೆ. ಅದನ್ನು ಬದಲಿಸಬೇಕಾದರೆ ಮತ್ತೆ ಅರ್ಜಿ ಹಾಕಬೇಕು. ಯೋಜನಾ ಪ್ರಾಧಿಕಾರದ ಮಾಸ್ಟರ್ ಪ್ಲಾನ್‌ನಲ್ಲಿ ಆ ಜಾಗ ಯಾವ ವಲಯಕ್ಕೆ ಬರುತ್ತದೋ ಅದಕ್ಕೂ ಹೊಂದಬೇಕು. ನಿಮ್ಮ ಪ್ರಕಟಣೆ ನಂಬಿ ಗೋಡೌನ್ ಕಟ್ಟುವವರು ಮುಂಗಡ ಕೊಟ್ಟು ಆಮೇಲೆ ಆದೇಶ ಓದಿದರೆ, ಆ ಮುಂಗಡವನ್ನು ವಾಪಸು ಕೇಳುವುದು ನ್ಯಾಯವೇ.

ಫಾರ್ಮ್‌ಹೌಸ್ ಅನ್ನೋ ಮಾತನ್ನೂ ತೆಗೆಯಿರಿ. ಅದು ಕೃಷಿ ಜಮೀನಿನಲ್ಲಿ, ಹಿಡುವಳಿಯ ಶೇ. 10 ಮೀರದಂತೆ, ಬೇಸಾಯಕ್ಕಾಗಿ ಕಟ್ಟಿಕೊಳ್ಳುವ ಮನೆಗೆ ಸಲ್ಲುವ ಮಾತು. ಇಲ್ಲಿ ಪರಿವರ್ತನೆಯೇ ಆಗಿರುವುದರಿಂದ ಇದು ವಾಸದ ಮನೆ.

ಇನ್ನೊಂದು. ಕೊಳ್ಳುವವರು ಇದನ್ನು ಹತ್ತು ಹದಿನೈದು ಸೈಟಾಗಿ ಒಡೆಯಬಹುದು ಅನ್ನೋ ಅರ್ಥ ಬರುವ ಪದ ಎಲ್ಲೂ ಇರಬಾರದು. ಪರಿವರ್ತನೆ ಆದ ಮಾತ್ರಕ್ಕೆ ಸೈಟು ಮಾಡಲು ಅನುಮತಿ ಸಿಕ್ಕ ಹಾಗಲ್ಲ. ಒಡೆಯಲು ಬಡಾವಣೆ ನಕ್ಷೆಗೆ ಯೋಜನಾ ಪ್ರಾಧಿಕಾರದ ಮಂಜೂರಾತಿ ಬೇಕು. 20 ಗುಂಟೆ ಅಂದರೆ ಸುಮಾರು 2,023 ಚದರ ಮೀಟರ್. 500 ಚದರ ಮೀಟರ್ ಮೀರಿದ ನೆಲವನ್ನು ನಿವೇಶನ ಮಾಡಿ ಮಾರುವವರು ರೇರಾದಲ್ಲಿ ನೋಂದಾಯಿಸಿದ ಮೇಲೆಯೇ ಜಾಹೀರಾತು ಕೊಡಬೇಕು. ನೀವು ಇಡೀ ತುಂಡನ್ನು ಒಬ್ಬರಿಗೇ ಮಾರುತ್ತಿದ್ದೀರಿ, ನಿಮಗೆ ಅದು ಬೇಡ. "ಒಂದೇ ತುಂಡಾಗಿ ಮಾತ್ರ ಮಾರಾಟ" ಅಂತ ಸ್ಪಷ್ಟವಾಗಿ ಹಾಕಿ.

ಹೆಬ್ಬೂರು_ಹೋಬಳಿ

ಸರಿ ಸರ್, ಆ ಸಾಲು ಪೂರ್ತಿ ತೆಗೆದೆ.

ಇವತ್ತು ಬೆಳಿಗ್ಗೆ ಟೇಪ್ ಹಿಡಿದು ಅಳೆದೆವು. ಬಂಡಿ ದಾರಿ ಬಹುತೇಕ 11 ಅಡಿ ಇದೆ. ಆದರೆ ಡಾಂಬರಿನಿಂದ 180 ಅಡಿ ಒಳಗೆ ಒಂದು ವಿದ್ಯುತ್ ಕಂಬ ಇದೆ, ಎದುರಿಗೆ 85ರ ಕಳ್ಳಿ ಬೇಲಿ ಉಬ್ಬಿಕೊಂಡು ಬಂದಿದೆ. ಕಂಬದಿಂದ ಕಳ್ಳಿಗೆ 9 ಅಡಿ 6 ಇಂಚು.

ಜಾಗದ ಅಳತೆ: ಉತ್ತರ-ದಕ್ಷಿಣ 165 ಸರಿಯಾಗಿ ಬಂತು. ಪೂರ್ವ-ಪಶ್ಚಿಮ 128 ಅಡಿಯೇ ಸಿಕ್ಕಿದ್ದು, ಎರಡೂ ತುದಿಯಲ್ಲಿ. ಪೂರ್ವಕ್ಕೆ 87ನೇ ನಂಬರಿನವರ ಕಲ್ಲುಕಂಬದ ತಂತಿ ಬೇಲಿ ಇದೆ.

ಸರಪಳಿ_ಆಣೆ

ನಾಲ್ಕು ಅಡಿ ಕಡಿಮೆ. 4 ಗುಣಿಸು 165, ಅಂದರೆ 660 ಚದರ ಅಡಿ. ಗುಂಟೆಗೆ 16 ಆಣೆ ಲೆಕ್ಕದಲ್ಲಿ ಹತ್ತು ಆಣೆಗೆ ಸ್ವಲ್ಪ ಕಡಿಮೆ. ನೆಲದ ಮೇಲೆ ಸಿಗುವುದು 21,120 ಚದರ ಅಡಿ, 19 ಗುಂಟೆ ಆರು ಆಣೆ ಚಿಲ್ಲರೆ.

ಎರಡೂ ತುದಿಯಲ್ಲಿ ಒಂದೇ ಸಮ 4 ಅಡಿ ಕಡಿಮೆ ಬಂದಿರುವುದನ್ನು ಗಮನಿಸಿ. ಒಂದು ತುದಿಯಲ್ಲಿ ಮಾತ್ರ ಕಡಿಮೆಯಾಗಿದ್ದರೆ ಬೇಲಿ ಓರೆಯಾಗಿದೆ ಅನ್ನಬಹುದಿತ್ತು. ಸಮನಾಗಿ ಸರಿದಿದ್ದರೆ ಎರಡು ಸಾಧ್ಯತೆ. 87ರವರು ಬೇಲಿ ಹಾಕುವಾಗ ಬದುವಿನ ನಡುವೆ ಹಾಕದೆ ಈಚೆ ಅಂಚಿಗೆ ಹಾಕಿರಬಹುದು. ಇಲ್ಲವೇ ನಿಮ್ಮ ಪಶ್ಚಿಮದ ಗೆರೆ, ಅಂದರೆ 20 ಗುಂಟೆ ಮತ್ತು 15 ಗುಂಟೆಯ ನಡುವಿನ ಗೆರೆಯನ್ನು ನೀವೇ 4 ಅಡಿ ಪೂರ್ವಕ್ಕೆ ಹಾಕಿಕೊಂಡಿರಬಹುದು. ತಪ್ಪನ್ನು ಹೊರಗಿನವರ ಮೇಲೆ ಹಾಕುವ ಮುಂಚೆ ಎರಡನೆಯದನ್ನು ನೋಡಿಕೊಳ್ಳಿ: 15 ಗುಂಟೆಯ ಪೂರ್ವ-ಪಶ್ಚಿಮ ಅಗಲ 3 ಸರಪಳಿ, 99 ಅಡಿ ಬರಬೇಕು. ಅಲ್ಲಿ 103 ಬಂದರೆ ತಪ್ಪು ನಿಮ್ಮ ಗೂಟದ್ದು. 99 ಬಂದರೆ ತಕರಾರು ಪೂರ್ವದ ಬೇಲಿಯದು.

ಹೆಬ್ಬೂರು_ಹೋಬಳಿ

ಈಗಷ್ಟೇ ಅಳೆದು ಬಂದೆ. 99 ಬಂತು.

ಸರಪಳಿ_ಆಣೆ

ಹಾಗಾದರೆ ಹದ್ದುಬಸ್ತಿಗೆ ಅರ್ಜಿ ಹಾಕಿ. ನಾಡಕಚೇರಿಯಲ್ಲಿ ಮೋಜಿಣಿ ಅರ್ಜಿ ಕೊಟ್ಟರೆ ಸರ್ವೆಯರ್‌ಗೆ ಹಂಚಿಕೆಯಾಗುತ್ತದೆ. ಸುತ್ತಲಿನವರಿಗೆ ನೋಟಿಸ್ ಹೋಗುತ್ತದೆ. ಗೊತ್ತುಪಡಿಸಿದ ದಿನ ಟಿಪ್ಪಣಿ ಇಟ್ಟುಕೊಂಡು ಅಳೆದು ಮೂಲೆಗಳನ್ನು ಗುರುತಿಸುತ್ತಾರೆ. ಅಲ್ಲಿ ಕಲ್ಲು ನೆಡಿಸಿ ನಕ್ಷೆ ತಗೊಳ್ಳಿ. 87ರವರಿಗೆ ಮೊದಲೇ ಬಾಯಿಮಾತಲ್ಲಿ ತಿಳಿಸಿ. ನೋಟಿಸ್ ಕೈಗೆ ಬಂದ ಮೇಲೇ ಗೊತ್ತಾದರೆ ಒಪ್ಪುವವರೂ ತಕರಾರಿಗೆ ನಿಲ್ಲುತ್ತಾರೆ. ಹದ್ದುಬಸ್ತು ಆದ ಮೇಲೂ ಬೇಲಿ ತೆಗೆಯಲ್ಲ ಅಂದರೆ ಅದು ಬೇರೆ ದಾರಿ, ಸರ್ವೆಯರ್ ಬೇಲಿ ಕೀಳಿಸಿ ಕೊಡುವುದಿಲ್ಲ.

ಅಲ್ಲಿಯವರೆಗೆ ಪ್ರಕಟಣೆಯಲ್ಲಿ ಎರಡೂ ಅಂಕಿ ಇರಲಿ: ದಾಖಲೆಯಲ್ಲಿ 20 ಗುಂಟೆ, ಈಗಿನ ಬೇಲಿಯೊಳಗೆ 21,120 ಚದರ ಅಡಿ. ಕೊಳ್ಳುವವರು ತಾವೇ ಅಳೆದು ಕಂಡುಹಿಡಿದರೆ ಬೆಲೆ ಇಳಿಸುತ್ತಾರೆ. ನೀವೇ ಮೊದಲು ಹೇಳಿದರೆ 660 ಅಡಿಗೆ ಮಾತ್ರ ಚೌಕಾಸಿ ಮಾಡುತ್ತಾರೆ.

ದಾರಿಹೋಕ

11 ಅಡಿ ಲೆಕ್ಕ ಒಪ್ಪಿದೆ ಸರ್. ಖರಾಬನ್ನು ಉದ್ದದಿಂದ ಭಾಗಿಸಿ ನೋಡಬಹುದು ಅಂತ ನನಗೆ ಹೊಳೆದಿರಲಿಲ್ಲ. ಆದರೆ ಇಷ್ಟೆಲ್ಲ ಯಾಕೆ? ಮೂಲೆಯಿಂದ ಗೇಟಿನವರೆಗೆ ಅವರದೇ ಜಮೀನು. ಅಲ್ಲಿ ದಾರಿ ಬಿಟ್ಟರಾಯಿತು.

ಪತ್ರಬರಹ

ಈಗ ಅವರದು. ನಾಳೆ ಆ 15 ಗುಂಟೆಯನ್ನು ಬೇರೆಯವರಿಗೆ ಮಾರಿದರೆ? ಅಥವಾ ಮಕ್ಕಳು ಭಾಗ ಮಾಡಿಕೊಂಡರೆ? ಕೊಳ್ಳುವವರು ಕೇಳುವ ಮೊದಲ ಪ್ರಶ್ನೆಯೇ ಇದು. "ದಾರಿ ಬಿಟ್ಟಿದ್ದೇವೆ" ಅನ್ನೋ ಬಾಯಿಮಾತು ಹಕ್ಕಾಗಲ್ಲ. ಬೇರೆ ದಾರಿಯೇ ಇಲ್ಲದಿದ್ದಾಗ ಅನಿವಾರ್ಯತೆಯ ಹಕ್ಕು ಅಂತ 1882ರ ಕಾಯ್ದೆಯಲ್ಲಿದೆ, ನಿಜ. ಆದರೆ ಅದಕ್ಕೆ ಕೋರ್ಟ್ ಮೆಟ್ಟಿಲು ಹತ್ತಬೇಕು. ಹತ್ತಿದ ಮೇಲೂ ಕಾರು ಹೋಗುವಷ್ಟು ಅಗಲ ಸಿಗುತ್ತದೆ ಅನ್ನೋ ಖಾತ್ರಿ ಇಲ್ಲ.

ಹಾಗಾಗಿ ಮಾರುವ ಮುಂಚೆಯೇ ಇದನ್ನು ಬಗೆಹರಿಸಿ. 15 ಗುಂಟೆಯ ಉತ್ತರದ ಅಂಚಿನಲ್ಲಿ 99 ಅಡಿ ಉದ್ದ, 22 ಅಡಿ ಅಗಲ ಬಿಟ್ಟರೆ ಸರಿಯಾಗಿ 2 ಗುಂಟೆ. ಕೊಡುವ ವಿಧಾನ ಮೂರು. ಒಂದು, ಆ 2 ಗುಂಟೆಯನ್ನೂ ಸೇರಿಸಿ ಕ್ರಯಕ್ಕೆ ಕೊಡುವುದು. ಎರಡು, ನೆಲ ನಿಮ್ಮದೇ ಇದ್ದು ದಾರಿಯ ಹಕ್ಕನ್ನು ನೋಂದಾಯಿತ ಪತ್ರದಲ್ಲಿ ಬರೆದುಕೊಡುವುದು. ಅದರಲ್ಲಿ ಉದ್ದ, ಅಗಲ, ವಾಹನ ಹೋಗುವ ಹಕ್ಕು, ನೀರಿನ ಪೈಪು ಮತ್ತು ವಿದ್ಯುತ್ ಕೇಬಲ್ ಎಳೆಯುವ ಹಕ್ಕು, ಮುಂದಿನ ವಾರಸುದಾರರಿಗೂ ಅನ್ವಯ, ಇಷ್ಟೂ ಇರಬೇಕು. ಪೈಪು, ಕೇಬಲ್ಲು ಮರೆತವರು ಬೋರು ಕೊರೆಸಿದ ಮೇಲೆ ಮತ್ತೆ ಬರುತ್ತಾರೆ. ಮೂರು, ಪಂಚಾಯಿತಿಗೆ ರಸ್ತೆಗೆಂದು ಬಿಟ್ಟುಕೊಡುವುದು.

ನನ್ನ ಮಟ್ಟಿಗೆ ಎರಡನೆಯದು ಸಾಕು, ಖರ್ಚೂ ಕಡಿಮೆ.

ಸರಪಳಿ_ಆಣೆ

ನಾನು ಮೂರನೆಯದರ ಕಡೆ. ಕೊಳ್ಳುವವರು ಮನೆ ಕಟ್ಟಬೇಕಾದರೆ ಏಕ ನಿವೇಶನ ನಕ್ಷೆಗೆ ಪ್ರಾಧಿಕಾರಕ್ಕೆ ಹೋಗಬೇಕು. ಅಲ್ಲಿ ಕೇಳುವುದು ಸಾರ್ವಜನಿಕ ರಸ್ತೆ ಇದೆಯಾ ಅಂತ. ಖಾಸಗಿ ದಾರಿ ಹಕ್ಕಿನ ಪತ್ರ ತೋರಿಸಿದರೆ ಒಪ್ಪಿದರೂ ಒಪ್ಪಬಹುದು, ತಿರಸ್ಕರಿಸಿದರೂ ತಿರಸ್ಕರಿಸಬಹುದು. ಮೊದಲ ವಿಧಾನದಲ್ಲಿ ಇನ್ನೊಂದು ತೊಡಕು: ಆ 2 ಗುಂಟೆ ಕೃಷಿ ಜಮೀನು. ಪ್ರತ್ಯೇಕವಾಗಿ ಕ್ರಯ ಮಾಡಲು 11ಇ ನಕ್ಷೆ ಬೇಕು, ಅಷ್ಟು ಸಣ್ಣ ಕೃಷಿ ತುಂಡಿಗೆ ನಕ್ಷೆ ಕೊಡಲು ಸರ್ವೆ ಕಚೇರಿಯವರು ಹಿಂದೇಟು ಹಾಕುತ್ತಾರೆ.

ಪತ್ರಬರಹ

ಪಂಚಾಯಿತಿಗೆ ಬಿಟ್ಟರೆ ಆ ನೆಲ ಹೋಯಿತು. ನಾಳೆ 86/2ರವರೂ ಅಲ್ಲಿಂದಲೇ ಓಡಾಡುತ್ತೇವೆ ಅಂದರೆ ಬೇಡ ಅನ್ನಲಾಗುವುದಿಲ್ಲ. ಮಾರುವವರು ಅದನ್ನು ಒಪ್ಪಿಕೊಂಡೇ ಮಾಡಬೇಕು.

ಸರಪಳಿ_ಆಣೆ

ಅದು ನಿಜ. ಆದರೆ ಅವರ ಉಳಿದ 13 ಗುಂಟೆಗೂ ಅದೇ ರಸ್ತೆ ಮುಂಭಾಗ ಕೊಡುತ್ತದೆ ಅನ್ನೋದನ್ನೂ ಲೆಕ್ಕಕ್ಕೆ ಹಿಡಿಯಿರಿ.

ದುಬೈ_ಕನ್ನಡಿಗ

ಈ ಎಳೆ ಓದಿ ನನಗೇ ಆಸಕ್ತಿ ಬಂತು, ತುಮಕೂರು ನಮ್ಮೂರು. ನಾನು ಅನಿವಾಸಿ, ಭಾರತದ ಪಾಸ್‌ಪೋರ್ಟೇ ಇದೆ. ಕರ್ನಾಟಕದಲ್ಲಿ 2020ರಿಂದ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ಅಂತಾಯಿತಲ್ಲ, ಹಾಗಾದರೆ 20 ಗುಂಟೆ ಜೊತೆ ಆ 2 ಗುಂಟೆ ದಾರಿಯನ್ನೂ ಕ್ರಯಕ್ಕೆ ತಗೊಳ್ಳಬಹುದಲ್ವಾ? ನನಗೆ ದಾರಿ ನನ್ನ ಹೆಸರಲ್ಲೇ ಇದ್ದರೆ ನೆಮ್ಮದಿ.

ಪತ್ರಬರಹ

ತಗೊಳ್ಳಲಾಗುವುದಿಲ್ಲ ಸರ್. 2020ರಲ್ಲಿ ತೆಗೆದದ್ದು ರಾಜ್ಯದ ಭೂಸುಧಾರಣೆ ಕಾಯ್ದೆಯ 79ಎ, 79ಬಿ. ಅನಿವಾಸಿಗಳಿಗೆ ಇರುವ ತಡೆ ಕೇಂದ್ರದ ವಿದೇಶಿ ವಿನಿಮಯ ನಿಯಮದ್ದು, ಅದು ಹಾಗೇ ಇದೆ. ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಈ ಮೂರನ್ನೂ ಅನಿವಾಸಿ ಭಾರತೀಯರು ಕ್ರಯಕ್ಕೆ ಕೊಳ್ಳುವ ಹಾಗಿಲ್ಲ. ವಾಸಕ್ಕೆ ಪರಿವರ್ತನೆಯಾದ 20 ಗುಂಟೆ ಕೊಳ್ಳಬಹುದು. ಪರಿವರ್ತನೆಯಾಗದ 2 ಗುಂಟೆ ಕೊಳ್ಳಲಾಗದು. ನಿಮ್ಮಂಥವರಿಗೆ ಮಾರಬೇಕಾದರೆ ದಾರಿಯ ಹಕ್ಕು ಅಥವಾ ಪಂಚಾಯಿತಿ ರಸ್ತೆ, ಇವೆರಡೇ ಉಳಿಯುವುದು.

ಹೆಬ್ಬೂರಿನವರೇ, ಕರಡಿನಲ್ಲಿ ಫಾರ್ಮ್‌ಹೌಸ್ ಅಂತ ಬರೆದದ್ದು ಇಲ್ಲೂ ತೊಂದರೆ ಕೊಡುತ್ತಿತ್ತು. ಅನಿವಾಸಿಯ ಬ್ಯಾಂಕಿನವರು ಆ ಪದ ನೋಡಿದರೆ ಅಲ್ಲೇ ನಿಲ್ಲಿಸುತ್ತಾರೆ.

ಮಂಡ್ಯದಕ್ಕ

ಇ-ಖಾತೆ ಬಗ್ಗೆ ಯಾರೂ ಹೇಳಲೇ ಇಲ್ಲ. ಪರಿವರ್ತನೆ ಆದ ಮೇಲೆ ಪಂಚಾಯಿತಿಯಲ್ಲಿ ಇ-ಸ್ವತ್ತಿನ 9 ಮತ್ತು 11ಎ ನಮೂನೆ ಆಗಿದೆಯಾ? 2024ರ ಅಕ್ಟೋಬರ್‌ನಿಂದ ಇ-ಖಾತೆ ಇಲ್ಲದ ಕೃಷಿಯೇತರ ಆಸ್ತಿ ನೋಂದಣಿ ಆಗ್ತಿಲ್ಲ.

ಹೆಬ್ಬೂರು_ಹೋಬಳಿ

ಆಗಿಲ್ಲ ಅಕ್ಕ. ಪಹಣಿ ಮತ್ತು ಆದೇಶ ಮಾತ್ರ ಇದೆ.

ಪತ್ರಬರಹ

ಹಾಗಿದ್ದರೆ "ಇ-ಖಾತೆ ಇನ್ನೂ ಆಗಿಲ್ಲ" ಅಂತಲೇ ಪ್ರಕಟಣೆಯಲ್ಲಿ ಇರಲಿ. ಕಾರಣ: 11ಎ ಸಿಗಬೇಕಾದರೆ ಪರಿವರ್ತನೆಯ ಜೊತೆ ಪ್ರಾಧಿಕಾರದ ನಕ್ಷೆ ಮಂಜೂರಾತಿ ಕೇಳುತ್ತಾರೆ. ನಕ್ಷೆಗೆ ಹೋದರೆ ಮತ್ತೆ ರಸ್ತೆಯ ಪ್ರಶ್ನೆಗೇ ಬಂದು ನಿಲ್ಲುತ್ತೀರಿ. ಅಂದರೆ ಆ 99 ಅಡಿ ಬಗೆಹರಿಯದೆ ನಿಮ್ಮ ನೋಂದಣಿಯೇ ಮುಂದಕ್ಕೆ ಹೋಗದೆ ಇರಬಹುದು. ಮುಂಗಡ ತೆಗೆದುಕೊಳ್ಳುವ ಮುಂಚೆ ನಿಮ್ಮ ಉಪನೋಂದಣಿ ಕಚೇರಿಯಲ್ಲಿ ಈ ದಾಖಲೆಗಳನ್ನು ತೋರಿಸಿ ಕೇಳಿಕೊಂಡು ಬನ್ನಿ.

ಹೆಬ್ಬೂರು_ಹೋಬಳಿ

ಎಲ್ಲರ ಮಾತೂ ಸೇರಿಸಿ ಹೊಸದಾಗಿ ಬರೆದಿದ್ದೇನೆ. ದಯವಿಟ್ಟು ನೋಡಿ.

> ತುಮಕೂರು ತಾಲ್ಲೂಕು, ಸರ್ವೆ ನಂ. 86/3ರ ಒಟ್ಟು 35 ಗುಂಟೆಯಲ್ಲಿ ಪೂರ್ವ ಭಾಗದ 20 ಗುಂಟೆ ಮಾರಾಟಕ್ಕಿದೆ. ಒಂದೇ ತುಂಡಾಗಿ ಮಾತ್ರ.
>
> ಅಳತೆ: ಸರ್ವೆ ನಕ್ಷೆಯಂತೆ ಪೂರ್ವ-ಪಶ್ಚಿಮ 132 ಅಡಿ, ಉತ್ತರ-ದಕ್ಷಿಣ 165 ಅಡಿ. ಈಗಿನ ಬೇಲಿಯೊಳಗೆ 128 × 165 ಅಡಿ ಇದೆ. ಪೂರ್ವದ ಗಡಿಗೆ ಹದ್ದುಬಸ್ತು ಮಾಡಿಸುತ್ತಿದ್ದೇವೆ, ನಕ್ಷೆ ಬಂದ ಮೇಲೆ ಇಲ್ಲಿ ಸೇರಿಸುತ್ತೇವೆ. ಪ್ರತ್ಯೇಕ ಹಿಸ್ಸಾ ನಂಬರು ಇನ್ನೂ ಆಗಿಲ್ಲ. ಖರಾಬು ಇಲ್ಲ.
>
> ಚಕ್ಕುಬಂದಿ: ಪೂರ್ವಕ್ಕೆ ಸರ್ವೆ ನಂ. 87, ಪಶ್ಚಿಮಕ್ಕೆ ನಮ್ಮದೇ ಉಳಿದ 15 ಗುಂಟೆ, ಉತ್ತರಕ್ಕೆ 86/2, ದಕ್ಷಿಣಕ್ಕೆ ಸರ್ವೆ ನಂ. 90.
>
> ದಾರಿ: ಡಾಂಬರು ರಸ್ತೆಯಿಂದ 297 ಅಡಿ ಗ್ರಾಮ ನಕ್ಷೆಯಲ್ಲಿರುವ ಬಂಡಿ ದಾರಿ, ದಾಖಲೆಯ ಅಗಲ 11 ಅಡಿ, ವಿದ್ಯುತ್ ಕಂಬದ ಬಳಿ ಈಗ 9 ಅಡಿ 6 ಇಂಚು. ನಂತರ ನಮ್ಮ ಜಮೀನಿನಲ್ಲಿ 99 ಅಡಿ ಉದ್ದ, 22 ಅಡಿ ಅಗಲದ ದಾರಿ ಬಿಡುತ್ತೇವೆ. ಅದನ್ನು ಕ್ರಯಕ್ಕೆ ಮುಂಚೆ ನೋಂದಾಯಿತ ಪತ್ರದ ಮೂಲಕ ಕೊಡಲಾಗುವುದು.
>
> ಉಪಯೋಗ: ವಾಸದ ಉದ್ದೇಶಕ್ಕೆ ಮಾತ್ರ ಪರಿವರ್ತನೆಯಾಗಿದೆ. ವಾಣಿಜ್ಯ ಉಪಯೋಗಕ್ಕೂ ಬಡಾವಣೆಗೂ ಅನುಮತಿ ಇಲ್ಲ. ಇ-ಖಾತೆ ಇನ್ನೂ ಆಗಿಲ್ಲ.
>
> ಹಕ್ಕು: ಕ್ರಯದಿಂದ ಬಂದದ್ದು, ಹಿಂದಿನ ಕ್ರಯಪತ್ರವೂ ಇದೆ. ಋಣಭಾರ ಪತ್ರ, ಪಹಣಿ, ಪರಿವರ್ತನೆ ಆದೇಶ, ನಕ್ಷೆ ಸ್ಥಳಕ್ಕೆ ಬಂದವರಿಗೆ ತೋರಿಸುತ್ತೇವೆ.

ಗುಂಟೆಲೆಕ್ಕ

ಚೆನ್ನಾಗಿದೆ. ಈಗಲಾದರೂ ರೇಟ್ ಹಾಕಿ ಸರ್.

ಮಂಡ್ಯದಕ್ಕ

ಓದಿದ ಕೂಡಲೇ ಜಾಗ ಕಣ್ಣಿಗೆ ಕಟ್ಟಿತು. ಒಂದು ಸೇರಿಸಿ: ಆದೇಶದ ಹಿಂಬದಿಯಲ್ಲಿ ಷರತ್ತುಗಳಿರುತ್ತವೆ. ಇಷ್ಟು ವರ್ಷದೊಳಗೆ ಉಪಯೋಗಕ್ಕೆ ತರಬೇಕು, ರಸ್ತೆಗೆ ಇಷ್ಟು ಬಿಡಬೇಕು ಅಂತೆಲ್ಲ ಬರೆದಿರ್ತಾರೆ. ಆ ಪುಟದ ಫೋಟೋ ಕೂಡ ಇರಲಿ. ಮುಂದಿನ ಪುಟ ಮಾತ್ರ ತೋರಿಸಿದ್ರೆ ಅನುಮಾನ ಬರುತ್ತೆ.

ಸರಪಳಿ_ಆಣೆ

ದಾರಿಯ ಸಾಲು ಸರಿಯಾಗಿದೆ. ಮೂಲೆಯ ವಿಷಯ ಒಂದಿದೆ. 11 ಅಡಿ ದಾರಿಯಿಂದ ಎಡಕ್ಕೆ ತಿರುಗಿ 22 ಅಡಿಯ ಪಟ್ಟಿಗೆ ಬರಬೇಕು. ಟಿಪ್ಪರ್ ಸುಮಾರು 8 ಅಡಿ ಅಗಲ, ನೇರ ದಾರಿಯಲ್ಲಿ ಕಂಬದ ಹತ್ತಿರವೂ ನುಸುಳುತ್ತದೆ. ಆದರೆ ಆ ತಿರುವಿನಲ್ಲಿ ಹಿಂದಿನ ಚಕ್ರ ಒಳಮೂಲೆಯನ್ನು ಕತ್ತರಿಸಿಕೊಂಡು ಹೋಗುತ್ತದೆ, ಒಳಮೂಲೆ ಇರುವುದು 86/2ರಲ್ಲಿ, ನಿಮ್ಮಲ್ಲಿ ಅಲ್ಲ. ದಾಯಾದಿಗಳು ಅಲ್ಲಿ ಕಲ್ಲು ನೆಟ್ಟರೆ ಇಟ್ಟಿಗೆ ಲೋಡ್ ಬರುವುದಿಲ್ಲ. ಈ ಒಂದು ಮೂಲೆಗೆ ಅವರ ಒಪ್ಪಿಗೆ ಲಿಖಿತವಾಗಿ ಸಿಗುತ್ತಾ ಕೇಳಿ.

ಹೆಬ್ಬೂರು_ಹೋಬಳಿ

ಅದು ಹೊಳೆದೇ ಇರಲಿಲ್ಲ. ಭಾನುವಾರ ಅವರ ಮನೆಗೆ ಹೋಗುತ್ತೇನೆ. ಅವರು ಒಪ್ಪದಿದ್ದರೆ ನಮ್ಮ ಪಟ್ಟಿಯನ್ನೇ ಆ ಮೂಲೆಯಲ್ಲಿ 33 ಅಡಿಗೆ ಅಗಲ ಮಾಡಿದರೆ ಗಾಡಿ ತಿರುಗುತ್ತಾ?

ಸರಪಳಿ_ಆಣೆ

ತಿರುಗಬಹುದು. ಮುಂದಿನ ಚಕ್ರ ದಕ್ಷಿಣಕ್ಕೆ ಹೆಚ್ಚು ದೂರ ಹೋಗಿ ತಿರುಗಲು ಜಾಗ ಸಿಗುತ್ತದೆ. ಆದರೆ ಕಾಗದದ ಮೇಲೆ ಹೇಳುವುದಕ್ಕಿಂತ ಸುಣ್ಣದಲ್ಲಿ ಗೆರೆ ಹಾಕಿ, ಖಾಲಿ ಟಿಪ್ಪರ್ ಒಂದನ್ನು ಒಮ್ಮೆ ತಿರುಗಿಸಿ ನೋಡಿ. ಗೆರೆ ದಾಟಿದ ಚಕ್ರದ ಗುರುತಿನಿಂದ ಎಷ್ಟು ಅಡಿ ಬೇಕು ಅಂತ ಅಳೆದು, ಆಮೇಲೆ ಪತ್ರದಲ್ಲಿ ಆ ಅಳತೆ ಬರೆಸಿ.